‘ಬೇಡ’ ಎಂದದ್ದು ಯೂಟ್ಯೂಬ್‌ಗೆ ಎಷ್ಟು ಕೇಳಿಸುತ್ತದೆ?

ಇಷ್ಟವಿಲ್ಲದ ವಿಡಿಯೊ ಎದುರಾದಾಗ ಹೆಚ್ಚಿನವರ ಬೆರಳು ಹೋಗುವುದು ಕೆಳಮುಖದ ಹೆಬ್ಬೆರಳಿನ ಗುರುತಿಗೆ. ಆದರೆ ಅಂಥ ವಿಡಿಯೊಗಳು ಮತ್ತೆ ಬಾರದಂತೆ ತಡೆಯುವುದರಲ್ಲಿ ಅದು ತೀರಾ ದುರ್ಬಲ. ಇದನ್ನು ಅಳೆದು ತೋರಿಸಿದ್ದು ಮೊಜಿಲ್ಲಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನ.

ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ತಮ್ಮ ಬ್ರೌಸರಿಗೆ ಒಂದು ಪುಟ್ಟ ತಂತ್ರಾಂಶ ಸೇರಿಸಿಕೊಂಡರು. ಅದು ಯೂಟ್ಯೂಬಿನ ವಿಡಿಯೊಗಳ ಮೇಲೆ ‘ಇಂಥದ್ದು ಬೇಡ’ ಎನ್ನುವ ಒಂದೇ ಗುಂಡಿಯನ್ನು ತೋರಿಸುತ್ತಿತ್ತು. ಒತ್ತಿದಾಗ ತೆರೆಯ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನಡೆಯುತ್ತಿತ್ತು: ಕೆಲವರ ಪರವಾಗಿ ಡಿಸ್‌ಲೈಕ್, ಕೆಲವರ ಪರವಾಗಿ Not interested, ಕೆಲವರ ಪರವಾಗಿ Don't recommend channel, ಇನ್ನು ಕೆಲವರ ನೋಡಿದ ಪಟ್ಟಿಯಿಂದ ಆ ವಿಡಿಯೊವನ್ನು ಅಳಿಸುವುದು. ಒಂದು ಗುಂಪಿನವರು ಒತ್ತಿದರೂ ಯೂಟ್ಯೂಬಿಗೆ ಏನೂ ತಲುಪುತ್ತಿರಲಿಲ್ಲ. ಹೋಲಿಕೆಗೆ ಆಧಾರ ಆ ಗುಂಪೇ. ಅಧ್ಯಯನವನ್ನು ನಂಬಬಹುದು ಎನ್ನಿಸುವುದೂ ಅದರಿಂದಲೇ. ಏಕೆಂದರೆ ಗುಂಡಿ ಒತ್ತದಿದ್ದರೂ ಶಿಫಾರಸುಗಳು ದಿನದಿಂದ ದಿನಕ್ಕೆ ಬದಲಾಗುತ್ತಲೇ ಇರುತ್ತವೆ.

ಬೇಡವೆಂದ ವಿಡಿಯೊವನ್ನೇ ಹೋಲುವ ಶಿಫಾರಸುಗಳು ಆ ಗುಂಪಿಗೆ 100 ಬಂದವು ಎಂದಿಟ್ಟುಕೊಳ್ಳಿ. ಡಿಸ್‌ಲೈಕ್ ಹೋದವರಿಗೆ 88 ಬಂದವು, Not interested ಹೋದವರಿಗೆ 89. ಪಟ್ಟಿಯಿಂದ ಅಳಿಸಿದವರಿಗೆ 71, ಚಾನೆಲನ್ನೇ ಬೇಡವೆಂದವರಿಗೆ 57. ಅತ್ಯಂತ ಬಲವಾದ ಗುಂಡಿಯೂ ಅರ್ಧದಷ್ಟನ್ನು ತಡೆಯಲಿಲ್ಲ.

ಒಂದೊಂದು ಗುಂಡಿಯ ವ್ಯಾಪ್ತಿ ಒಂದೊಂದು ಎಂಬುದನ್ನು ಗಮನಿಸಿದರೆ ಇದು ಅಷ್ಟು ಆಶ್ಚರ್ಯವೆನಿಸದು. ಯುದ್ಧದ ದೃಶ್ಯಗಳಿರುವ ವಿಡಿಯೊ ಬೇಡವೆಂದು ನೀವು ಒಂದು ಚಾನೆಲನ್ನು ತಡೆದರೆ, ಆ ಚಾನೆಲ್ ಮಾತ್ರ ಹಿಂದೆ ಸರಿಯುತ್ತದೆ. ಅದೇ ದೃಶ್ಯಗಳನ್ನು ತೋರಿಸುವ ಇನ್ನೊಂದು ಚಾನೆಲ್ ಬರಬಹುದು. ಇಡೀ ವಿಷಯವನ್ನೇ ಅಥವಾ ಒಂದು ನಿಲುವನ್ನೇ ಶೋಧಿಸಿ ತೆಗೆಯುವುದು ಈ ಗುಂಡಿಗಳ ಕೆಲಸವಲ್ಲ ಎಂದು ಯೂಟ್ಯೂಬ್ ಕೂಡ ಹೇಳಿದೆ. ಆದರೆ ನೋಡುಗರಿಗೆ ಬೇಕಾಗಿರುವುದು ಹೆಚ್ಚಾಗಿ ಅದೇ. ಈ ಅಂತರವನ್ನು ಗುಂಡಿಯ ಪಕ್ಕದಲ್ಲೇ ಬರೆದು ತಿಳಿಸಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿಡಿಯೊ ಮಾಡುವವರ ಕಡೆಗೆ ಬಂದರೆ ಚಿತ್ರ ಇನ್ನೂ ಮಸುಕು. 2021ರ ನವೆಂಬರಿನಲ್ಲಿ ಯೂಟ್ಯೂಬ್ ಡಿಸ್‌ಲೈಕ್ ಲೆಕ್ಕವನ್ನು ಸಾರ್ವಜನಿಕರಿಂದ ಮರೆಮಾಡಿತು. ಗುಂಪು ಕಟ್ಟಿಕೊಂಡು ಡಿಸ್‌ಲೈಕ್ ಒತ್ತುವ ದಾಳಿ ಸಣ್ಣ ಚಾನೆಲ್‌ಗಳಿಗೆ ಹೆಚ್ಚು ತಟ್ಟುತ್ತಿದೆ ಎಂಬುದು ಅದು ಕೊಟ್ಟ ಕಾರಣ. ಚಾನೆಲ್ ಮಾಲೀಕರು ಮಾತ್ರ YouTube Studioದಲ್ಲಿ ಆ ಲೆಕ್ಕವನ್ನು ನೋಡಬಹುದು. ಅಲ್ಲಿ ಬರಿಯ ಸಂಖ್ಯೆಗಿಂತ ಪಾಲು ಮುಖ್ಯ. 900 ಲೈಕ್, 100 ಡಿಸ್‌ಲೈಕ್ ಇದ್ದರೆ ಹತ್ತರಲ್ಲಿ ಒಬ್ಬರಿಗೆ ಹಿಡಿಸಿಲ್ಲ. ತಮ್ಮ ಉಳಿದ ವಿಡಿಯೊಗಳಲ್ಲಿ ಅದು ನೂರರಲ್ಲಿ ಇಬ್ಬರಷ್ಟೇ ಆಗಿದ್ದರೆ ಏನೋ ಎಡವಟ್ಟಾಗಿದೆ. ನೋಡುಗರು ಯಾವ ನಿಮಿಷದಲ್ಲಿ ಎದ್ದುಹೋದರು ಎಂಬ ರೇಖೆಯನ್ನು ಜೊತೆಗಿಟ್ಟು ನೋಡಿದರೆ, ತಲೆಬರಹ ಕೊಟ್ಟ ಮಾತು ತಪ್ಪಿತೇ, ವಿಷಯವೇ ಕೆರಳಿಸಿತೇ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ನೋಡುಗರು ಕೋಪದಲ್ಲಿ ಒತ್ತಿದ್ದನ್ನು ಹಿಂದಕ್ಕೆ ಪಡೆಯಲೂಬಹುದು. myactivity.google.com ತಾಣದ ಇತರ ಚಟುವಟಿಕೆಗಳ ವಿಭಾಗದಲ್ಲಿ ಯೂಟ್ಯೂಬಿಗೆ ಕೊಟ್ಟ Not interested ಪ್ರತಿಕ್ರಿಯೆಗಳನ್ನು ಅಳಿಸುವ ದಾರಿಯಿದೆ. ಹಾಗೆ ಅಳಿಸಿದರೆ ತಡೆದಿಟ್ಟ ಚಾನೆಲ್‌ಗಳೂ ಮತ್ತೆ ಶಿಫಾರಸಿಗೆ ಬರಬಹುದು.