ಇಪ್ಪತ್ತು ಚೀಲಗಳ ಸರಾಸರಿ ಎಷ್ಟು ಓಲಾಡುತ್ತದೆ?

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಮಳಖೇಡ ದಾಟಿ ಸೇಡಂ ಕಡೆಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಸಿಮೆಂಟ್ ಕಾರ್ಖಾನೆಗಳ ಎತ್ತರದ ಗೋಪುರಗಳು ಕಾಣುತ್ತವೆ. ಇತ್ತ ಶಹಾಬಾದಿನಿಂದ ಅತ್ತ ಚಿಂಚೋಳಿಯವರೆಗೆ ಈ ಭಾಗದ ನೆಲದಡಿ ಇರುವುದು ಸುಣ್ಣಕಲ್ಲು. ನೆಲಕ್ಕೆ ಹಾಸುವ ಶಹಾಬಾದಿ ಫರಸಿಯೂ ಅದೇ, ಸಿಮೆಂಟಿನ ಕಚ್ಚಾವಸ್ತುವೂ ಅದೇ. ಇಲ್ಲಿಂದ ಹೊರಡುವ ಪ್ರತಿ ಚೀಲದ ಮೇಲೂ 50 ಕಿ.ಗ್ರಾಂ. ಎಂದು ಅಚ್ಚಾಗಿರುತ್ತದೆ. ಆದರೆ ಯಾವ ಯಂತ್ರವೂ ಪ್ರತಿ ಚೀಲಕ್ಕೂ ಸರಿಯಾಗಿ 50 ಕಿ.ಗ್ರಾಂ. ತುಂಬಲಾರದು. ಒಂದರಲ್ಲಿ 49.7, ಇನ್ನೊಂದರಲ್ಲಿ 50.3 ಬರುವುದು ಸಹಜ. ಹಾಗಾದರೆ ಕೊಳ್ಳುವವನಿಗೆ ತೂಕ ಸರಿಯಾಗಿ ಸಿಕ್ಕಿತೇ ಎಂದು ಹೇಳುವುದು ಹೇಗೆ?

ಭಾರತೀಯ ಮಾನಕ ಐಎಸ್ 269ರಲ್ಲಿ ಇದಕ್ಕೊಂದು ಕ್ರಮವಿದೆ. ಕಾರ್ಖಾನೆಯಲ್ಲಿ ತುಂಬಿದ ಚೀಲಗಳ ಒಂದು ತಂಡದಿಂದ ಯಾದೃಚ್ಛಿಕವಾಗಿ ಕೆಲವನ್ನು ಆರಿಸಿ ತೂಗಬೇಕು. ತಂಡದಲ್ಲಿ 100ರಿಂದ 150 ಚೀಲಗಳಿದ್ದರೆ 20 ಚೀಲ, 501ರಿಂದ 1200 ಇದ್ದರೆ 80 ಚೀಲ, 3201 ಅಥವಾ ಅದಕ್ಕಿಂತ ಹೆಚ್ಚಿದ್ದರೆ 200 ಚೀಲ. ಆರಿಸಿದ ಚೀಲಗಳ ನಿವ್ವಳ ತೂಕದ ಸರಾಸರಿ 50 ಕಿ.ಗ್ರಾಂ.ಗೆ ಕಡಿಮೆ ಇರಬಾರದು. ಇದರ ಜೊತೆಗೆ ಇನ್ನೊಂದು ಷರತ್ತಿದೆ: ಶೇಕಡಾ 2ಕ್ಕಿಂತ ಹೆಚ್ಚು ಕೊರತೆ ಇರುವ, ಅಂದರೆ 49 ಕಿ.ಗ್ರಾಂ.ಗಿಂತ ಹಗುರಾದ ಚೀಲಗಳು ಆರಿಸಿದವುಗಳಲ್ಲಿ ಶೇಕಡಾ 5ನ್ನು ಮೀರಬಾರದು. ಈ ಎರಡು ಷರತ್ತುಗಳು ಎರಡು ಬೇರೆ ಬೇರೆ ಅಳತೆಗಳನ್ನು ಕುರಿತವು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಗೊಂದಲ ಮಾಡಿಕೊಳ್ಳುವುದೂ ಈ ಎರಡರ ನಡುವೆಯೇ.

ಒಬ್ಬ ಪರಿವೀಕ್ಷಕರು 20 ಚೀಲ ತೂಗಿದರು, ಸರಾಸರಿ 50.04 ಕಿ.ಗ್ರಾಂ. ಬಂದಿತು ಎಂದಿಟ್ಟುಕೊಳ್ಳೋಣ. ತಂಡ ತೇರ್ಗಡೆಯಾಯಿತು. ಆದರೆ ಅದೇ ರಾಶಿಯಿಂದ ಅವರು ಬೇರೆ 20 ಚೀಲಗಳನ್ನು ಎತ್ತಿಕೊಂಡಿದ್ದರೆ? ಸರಾಸರಿ 50.11 ಬರಬಹುದಿತ್ತು, 49.98 ಕೂಡ ಬರಬಹುದಿತ್ತು. ರಾಶಿ ಬದಲಾಗಿಲ್ಲ, ಯಂತ್ರ ಬದಲಾಗಿಲ್ಲ, ಬದಲಾದದ್ದು ಕೈಗೆ ಸಿಕ್ಕ ಚೀಲಗಳು ಮಾತ್ರ. ಹೀಗೆ ಒಂದು ಮಾದರಿಯಿಂದ ಇನ್ನೊಂದಕ್ಕೆ ಸರಾಸರಿಯು ಎಷ್ಟರ ಮಟ್ಟಿಗೆ ಓಲಾಡುತ್ತದೆ ಎಂಬುದರ ಅಳತೆಯೇ ಮಾನಕ ದೋಷ, ಅಂದರೆ ಸ್ಟ್ಯಾಂಡರ್ಡ್ ಎರರ್. 'ದೋಷ' ಎಂಬ ಪದ ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ಯಾರೂ ತಪ್ಪು ಮಾಡಿಲ್ಲ. ಎಲ್ಲವನ್ನೂ ತೂಗದೆ ಕೆಲವನ್ನು ಮಾತ್ರ ತೂಗಿದ್ದರ ಫಲ ಇದು.

ಈ ಓಲಾಟವನ್ನು ತರಗತಿಯಲ್ಲಿಯೇ ನೋಡಬಹುದು. ನಾಲ್ಕು ಚೀಟಿಗಳ ಮೇಲೆ −300, −100, +100, +300 ಎಂದು ಬರೆಯಿರಿ. ಇವು ಚೀಲದ ತೂಕ 50 ಕಿ.ಗ್ರಾಂ.ನಿಂದ ಎಷ್ಟು ಗ್ರಾಂ ಆಚೀಚೆ ಇದೆ ಎಂಬುದನ್ನು ಸೂಚಿಸುತ್ತವೆ. ನಾಲ್ಕರ ಸರಾಸರಿ ಸೊನ್ನೆ. ವಿಚಲನೆಗಳ ವರ್ಗಗಳ ಸರಾಸರಿ 50,000, ಅದರ ವರ್ಗಮೂಲ ಸುಮಾರು 224 ಗ್ರಾಂ. ಇದು ಮಾನಕ ವಿಚಲನೆ. ಈಗ ಒಂದು ಚೀಟಿ ಎತ್ತಿ, ಬರೆದುಕೊಂಡು, ಮತ್ತೆ ಡಬ್ಬಿಗೆ ಹಾಕಿ, ಇನ್ನೊಂದು ಚೀಟಿ ಎತ್ತಿ, ಎರಡರ ಸರಾಸರಿ ಕಂಡುಹಿಡಿಯಿರಿ. ಹೀಗೆ ಎತ್ತುವ ಬಗೆಗಳು ಒಟ್ಟು ಹದಿನಾರೇ. ಆ ಹದಿನಾರು ಸರಾಸರಿಗಳಲ್ಲಿ −300 ಒಂದು ಸಲ, −200 ಎರಡು ಸಲ, −100 ಮೂರು ಸಲ, 0 ನಾಲ್ಕು ಸಲ, ಮತ್ತೆ +100 ಮೂರು ಸಲ, +200 ಎರಡು ಸಲ, +300 ಒಂದು ಸಲ ಬರುತ್ತವೆ.

ಮೊದಲು ಗಮನಿಸಬೇಕಾದದ್ದು: ಸೊನ್ನೆ ಬರೆದ ಚೀಟಿಯೇ ಡಬ್ಬಿಯಲ್ಲಿ ಇರಲಿಲ್ಲ, ಆದರೂ ಸರಾಸರಿಗಳಲ್ಲಿ ಅತಿ ಹೆಚ್ಚು ಬಾರಿ ಬಂದದ್ದು ಸೊನ್ನೆಯೇ. ತುದಿಯ ಬೆಲೆ ಬರಬೇಕಾದರೆ ಎರಡು ಚೀಟಿಗಳೂ ಒಂದೇ ಕಡೆಗೆ ವಾಲಬೇಕು. ಅದು ಅಪರೂಪ. ಈಗ ಈ ಹದಿನಾರು ಸರಾಸರಿಗಳ ಮಾನಕ ವಿಚಲನೆಯನ್ನು ಲೆಕ್ಕ ಹಾಕಿ. ವರ್ಗಗಳ ಮೊತ್ತ 4,00,000, ಹದಿನಾರರಿಂದ ಭಾಗಿಸಿದರೆ 25,000, ವರ್ಗಮೂಲ 158 ಗ್ರಾಂ. ವರ್ಗದ ಲೆಕ್ಕದಲ್ಲಿ ಓಲಾಟ ನಿಖರವಾಗಿ ಅರ್ಧಕ್ಕೆ ಇಳಿದಿದೆ. 224ನ್ನು √2ರಿಂದ ಭಾಗಿಸಿದರೆ 158. ಎರಡು ಚೀಟಿಯ ಬದಲು n ಚೀಟಿ ಎತ್ತಿದರೆ ಮಾನಕ ವಿಚಲನೆಯನ್ನು √n ನಿಂದ ಭಾಗಿಸಬೇಕು. ಕಾರಣ ಸರಳ. ಪರಸ್ಪರ ಸಂಬಂಧವಿಲ್ಲದ ವಿಚಲನೆಗಳನ್ನು ಕೂಡಿದಾಗ ಅವುಗಳ ವರ್ಗಗಳು ಕೂಡುತ್ತವೆಯೇ ಹೊರತು ವಿಚಲನೆಗಳು ನೇರವಾಗಿ ಕೂಡುವುದಿಲ್ಲ. ಹಾಗಾಗಿ ಮೊತ್ತದ ಓಲಾಟ √n ಪಟ್ಟು ಬೆಳೆಯುತ್ತದೆ. ಸರಾಸರಿಗಾಗಿ ನಾವು ಭಾಗಿಸುವುದು ಮಾತ್ರ n ನಿಂದ.

ಮತ್ತೆ ಚೀಲಗಳಿಗೆ ಬರೋಣ. ನಿಜವಾದ ರಾಶಿಯ ಮಾನಕ ವಿಚಲನೆ ನಮಗೆ ತಿಳಿದಿರುವುದಿಲ್ಲ. ತೂಗಿದ 20 ಚೀಲಗಳಿಂದಲೇ ಅದನ್ನು ಅಂದಾಜು ಮಾಡಬೇಕು. ಆಗ ವರ್ಗಗಳ ಮೊತ್ತವನ್ನು 20ರ ಬದಲು 19ರಿಂದ ಭಾಗಿಸುತ್ತೇವೆ. ಅದು s = 300 ಗ್ರಾಂ ಬಂದಿತು ಎನ್ನಿ. ಮಾನಕ ದೋಷ:

s/√n = 300/√20 ≈ 67 ಗ್ರಾಂ

ಇಲ್ಲಿ 300 ಗ್ರಾಂ ಮತ್ತು 67 ಗ್ರಾಂ ಏನನ್ನು ಹೇಳುತ್ತವೆ ಎಂಬುದನ್ನು ಬೇರ್ಪಡಿಸಿ ನೋಡಿ. ಮುಂದಿನ ಒಂದು ಚೀಲ ಎಷ್ಟು ಆಚೀಚೆ ಇರಬಹುದು ಎಂಬುದನ್ನು 300 ಹೇಳುತ್ತದೆ. ಮಾನಕದ ಎರಡನೆಯ ಷರತ್ತು, 49 ಕಿ.ಗ್ರಾಂ.ಗಿಂತ ಹಗುರಾದ ಚೀಲಗಳದ್ದು, ಈ ಸಂಖ್ಯೆಯನ್ನು ಅವಲಂಬಿಸಿದೆ. ಮುಂದಿನ ಇಪ್ಪತ್ತು ಚೀಲಗಳ ಸರಾಸರಿ ಎಷ್ಟು ಆಚೀಚೆ ಇರಬಹುದು ಎಂಬುದನ್ನು 67 ಹೇಳುತ್ತದೆ. ಮೊದಲನೆಯ ಷರತ್ತು ಇದಕ್ಕೆ ಸಂಬಂಧಿಸಿದ್ದು. ಹೆಚ್ಚು ಚೀಲ ತೂಗಿದರೆ 67 ಇಳಿಯುತ್ತದೆ, 300 ಇಳಿಯುವುದಿಲ್ಲ. ತಕ್ಕಡಿಗೆ ಏರಿಸಿದ ಮಾತ್ರಕ್ಕೆ ಚೀಲಗಳು ಏಕರೂಪವಾಗುವುದಿಲ್ಲವಲ್ಲ! ಪ್ರಾಯೋಗಿಕ ಪುಸ್ತಕಗಳಲ್ಲಿ ± ಚಿಹ್ನೆಯ ಮುಂದೆ ಒಂದು ಸಂಖ್ಯೆ ಬರೆದು, ಅದು ಇವೆರಡರಲ್ಲಿ ಯಾವುದೆಂದು ಹೇಳದೇ ಬಿಡುವ ವಿದ್ಯಾರ್ಥಿಗಳಿಗೆ ನಾನು ಅಂಕ ಕಳೆಯುತ್ತೇನೆ.

ಈಗ 50.04ಕ್ಕೆ ಬಂದ ತೇರ್ಗಡೆಯ ಬೆಲೆ ಎಷ್ಟು? ರಾಶಿಯ ನಿಜವಾದ ಸರಾಸರಿಯೇ 50.04 ಆಗಿದ್ದರೂ, ಅದು ಗಡಿಯಿಂದ ಕೇವಲ 40 ಗ್ರಾಂ ಮೇಲಿದೆ. ಓಲಾಟವೋ 67 ಗ್ರಾಂ. ಹೀಗಾಗಿ ಅಂಥ ರಾಶಿಯಿಂದ ಮತ್ತೆ ಮತ್ತೆ ಇಪ್ಪತ್ತಿಪ್ಪತ್ತು ಚೀಲ ಆರಿಸುತ್ತ ಹೋದರೆ ನಾಲ್ಕು ಬಾರಿಗೆ ಒಂದಕ್ಕಿಂತ ತುಸು ಹೆಚ್ಚು ಸಲ ಸರಾಸರಿ 50ಕ್ಕಿಂತ ಕೆಳಗೆ ಬೀಳುತ್ತದೆ. ಯಂತ್ರವನ್ನು ಸರಿಯಾಗಿ 50ಕ್ಕೇ ಹೊಂದಿಸಿದರೆ ಪ್ರಾಮಾಣಿಕ ಕಾರ್ಖಾನೆಯೂ ಅರ್ಧದಷ್ಟು ಸಲ ನಪಾಸಾಗುತ್ತದೆ. ಇದನ್ನು ತಪ್ಪಿಸಲು ಮಾನಕ ದೋಷದ ಎರಡರಷ್ಟು, ಅಂದರೆ 134 ಗ್ರಾಂ ಹೆಚ್ಚಿಗೆ ತುಂಬಬೇಕು. ಆಗ ನೂರರಲ್ಲಿ ಸುಮಾರು 98 ಸಲ ತೇರ್ಗಡೆ. ಒಂದು ಲಕ್ಷ ಚೀಲಗಳಿಗೆ ಈ ಹೆಚ್ಚುವರಿಯೇ 13.4 ಟನ್. 80 ಚೀಲಗಳನ್ನು ತೂಗುವ ಕ್ರಮದಲ್ಲಿ ಮಾನಕ ದೋಷ ಸುಮಾರು 34 ಗ್ರಾಂ.ಗೆ ಇಳಿಯುವುದರಿಂದ ಅರ್ಧದಷ್ಟು ಹೆಚ್ಚುವರಿ ಸಾಕು. ಆದರೆ ಈ ಅರ್ಧಕ್ಕಾಗಿ ನಾಲ್ಕು ಪಟ್ಟು ಚೀಲ ತೂಗಬೇಕಾಯಿತು. ತುಂಬುವ ಯಂತ್ರವನ್ನೇ ದುರಸ್ತಿ ಮಾಡಿ 300ನ್ನು 150ಕ್ಕೆ ಇಳಿಸಿದರೂ ಅದೇ ಲಾಭ, ಮೇಲಾಗಿ ಪ್ರತಿ ಚೀಲವೂ ಸುಧಾರಿಸುತ್ತದೆ.

ಓದುಗರಲ್ಲಿ ಒಂದು ಅನುಮಾನ ಹುಟ್ಟಿರಬಹುದು. 100 ಚೀಲಗಳಲ್ಲಿ 20 ತೂಗಿದರೆ ಶೇಕಡಾ 20 ಆಯಿತು, 5000 ಚೀಲಗಳಲ್ಲಿ 200 ತೂಗಿದರೆ ಬರೀ ಶೇಕಡಾ 4. ಎರಡನೆಯದು ಸಡಿಲವಾದ ಪರೀಕ್ಷೆಯಲ್ಲವೇ? ಅಲ್ಲ. 300/√200 ಎಂದರೆ 21 ಗ್ರಾಂ. ಸೂತ್ರದಲ್ಲಿ ರಾಶಿಯ ಗಾತ್ರವೇ ಇಲ್ಲ ಎಂಬುದನ್ನು ಗಮನಿಸಿ. ಎಷ್ಟು ಪಾಲು ತೂಗಿದಿರಿ ಎಂಬುದಕ್ಕಿಂತ ಎಷ್ಟು ಚೀಲ ತೂಗಿದಿರಿ ಎಂಬುದೇ ಮುಖ್ಯ. ರಾಶಿ ತೀರ ಚಿಕ್ಕದಿದ್ದಾಗ ಮಾತ್ರ ಒಂದು ಸಣ್ಣ ತಿದ್ದುಪಡಿ ಬೇಕು. 120 ಚೀಲಗಳಲ್ಲಿ 20 ತೂಗಿದರೆ 67 ಎಂಬುದು ಸುಮಾರು 61 ಆಗುತ್ತದೆ, ಅಷ್ಟೇ.

ಮಾದರಿ ಚಿಕ್ಕದಾದರೆ ಬೇರೊಂದು ತೊಡಕಿದೆ: s ಎಂಬುದೇ ಮಾದರಿಯಿಂದ ಮಾದರಿಗೆ ಓಲಾಡುತ್ತದೆ. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದ. ಆತ ಮಾಡಿದ್ದು ನಮ್ಮ ಚೀಟಿ ಆಟವನ್ನೇ. 3000 ಅಪರಾಧಿಗಳ ಎತ್ತರ ಮತ್ತು ಮಧ್ಯದ ಬೆರಳಿನ ಉದ್ದವನ್ನು ರಟ್ಟುಗಳ ಮೇಲೆ ಬರೆದು, ಕಲಸಿ, ನಾಲ್ಕು ನಾಲ್ಕರಂತೆ 750 ಮಾದರಿ ಮಾಡಿ ತನ್ನ ಲೆಕ್ಕವನ್ನು ತಾಳೆ ನೋಡಿದ. ಅವನ ದಾರಿಯಲ್ಲಿ ಹೋದರೆ ಶೇಕಡಾ 95ರ ಮಿತಿಗಾಗಿ 20 ಚೀಲಗಳಿಗೆ ಮಾನಕ ದೋಷವನ್ನು 2.09ರಿಂದಲೂ ನಾಲ್ಕೇ ಚೀಲಗಳಿಗೆ 3.18ರಿಂದಲೂ ಗುಣಿಸಬೇಕು.

ಇಷ್ಟೆಲ್ಲವೂ ನಿಂತಿರುವುದು 'ಯಾದೃಚ್ಛಿಕವಾಗಿ' ಎಂಬ ಒಂದು ಮಾತಿನ ಮೇಲೆ. ಕಾರ್ಖಾನೆಯಲ್ಲಿ ಚೀಲ ತುಂಬುವ ಯಂತ್ರ ಸುತ್ತುತ್ತಿರುತ್ತದೆ. ಅದಕ್ಕೆ ಹಲವು ಮೂತಿಗಳು, ಪ್ರತಿ ಮೂತಿಗೂ ತನ್ನದೇ ತೂಕದ ವ್ಯವಸ್ಥೆ. ಒಂದು ಮೂತಿ ಸ್ವಲ್ಪ ಹೆಚ್ಚು, ಇನ್ನೊಂದು ಸ್ವಲ್ಪ ಕಡಿಮೆ ತುಂಬುವುದುಂಟು. ಮೂತಿಯಿಂದ ಮೂತಿಗೆ ಇರುವ ಮಾನಕ ವಿಚಲನೆ 200 ಗ್ರಾಂ, ಒಂದೇ ಮೂತಿಯ ಚೀಲಗಳ ನಡುವಿನದು 224 ಗ್ರಾಂ ಎಂದಿಟ್ಟುಕೊಳ್ಳಿ. ವರ್ಗಗಳನ್ನು ಕೂಡಿದರೆ ಒಟ್ಟು 300 ಗ್ರಾಂ. ಅನುಕೂಲಕ್ಕೆಂದು ಪರಿವೀಕ್ಷಕರು ಒಂದೇ ಮೂತಿಯಿಂದ ಬಂದ 20 ಚೀಲ ತೂಗಿದರೆ s ಸುಮಾರು 224 ಬರುತ್ತದೆ, ಮಾನಕ ದೋಷ 50 ಗ್ರಾಂ ಎಂದು ವರದಿಯಾಗುತ್ತದೆ. ಮೊದಲಿಗಿಂತ ಉತ್ತಮವಾಗಿಯೇ ಕಾಣುತ್ತದೆ! ಆದರೆ ಬೇರೊಂದು ಮೂತಿಯನ್ನು ಆರಿಸಿದ್ದರೆ ಸರಾಸರಿ ಎಷ್ಟು ಬದಲಾಗುತ್ತಿತ್ತು? ಮೂತಿಯ 200 ಗ್ರಾಂ ಒಂದಿಷ್ಟೂ ಕರಗಿಲ್ಲ. ಇಪ್ಪತ್ತೂ ಚೀಲಗಳು ಅದನ್ನು ಸಮಾನವಾಗಿ ಹೊತ್ತಿವೆ. ನಿಜವಾದ ಓಲಾಟ 200ರ ವರ್ಗ ಮತ್ತು 50ರ ವರ್ಗ ಕೂಡಿದ್ದರ ಮೂಲ, 206 ಗ್ರಾಂ. ವರದಿಯಲ್ಲಿರುವುದರ ನಾಲ್ಕು ಪಟ್ಟು.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಎರಡು ಮೂರು ಮೂತಿಗಳಿಂದ ಇಪ್ಪತ್ತಿಪ್ಪತ್ತು ಚೀಲ ತೂಗಿ ಸರಾಸರಿಗಳನ್ನು ಅಕ್ಕಪಕ್ಕ ಇಡಿ. ಲೆಕ್ಕದ ಪ್ರಕಾರ ಅವು 50 ಗ್ರಾಂ.ನ ಆಸುಪಾಸಿನಲ್ಲಿ ಆಚೀಚೆ ಇರಬೇಕು. 200, 300 ಗ್ರಾಂ ಅಂತರ ಕಂಡರೆ ಸೂತ್ರಕ್ಕೆ ತಿಳಿಯದ ಕಾರಣವೊಂದು ಕೆಲಸ ಮಾಡುತ್ತಿದೆ ಎಂದರ್ಥ.

ಆದರೆ ಈ ಉಪಾಯಕ್ಕೂ ಸಿಗದ ತಪ್ಪೊಂದಿದೆ. ಖಾಲಿ ಚೀಲದ ತೂಕ ಕಳೆಯಲು ಮರೆತರೆ, ಅಥವಾ ತಕ್ಕಡಿಯ ಸೊನ್ನೆಯೇ ಸರಿದಿದ್ದರೆ, ಎಲ್ಲ ಮೂತಿಗಳ ಎಲ್ಲ ಚೀಲಗಳೂ ಒಂದೇ ಪ್ರಮಾಣದಲ್ಲಿ ಭಾರವಾಗಿ ತೋರುತ್ತವೆ. ಮಾದರಿಯಿಂದ ಮಾದರಿಗೆ ಏನೂ ಹೆಚ್ಚು ಓಲಾಡುವುದಿಲ್ಲವಾದ್ದರಿಂದ ಮಾನಕ ದೋಷಕ್ಕೆ ಇದರ ಸುಳಿವೇ ಸಿಗದು. 20ರ ಬದಲು 2000 ಚೀಲ ತೂಗಿದರೂ ಅಷ್ಟೆ. ಅದಕ್ಕೆ ಬೇಕಾದದ್ದು ಮುದ್ರೆ ಹಾಕಿದ ತೂಕದ ಕಲ್ಲು ಮತ್ತು ಒಂದು ಖಾಲಿ ಚೀಲ.