ಶಿಬಿರದ ಪ್ರಕಟಣೆಯಲ್ಲಿ ಕಣ್ಣೀರು ಏಕೆ?

ರಕ್ತದಾನ ಶಿಬಿರದ ಪ್ರಕಟಣೆಗಳಿಗೆ ಒಂದು ಸಿದ್ಧ ಮಾದರಿಯಿದೆ. ಮೇಲೆ ದೊಡ್ಡ ಕೆಂಪು ಹನಿ, ಪಕ್ಕದಲ್ಲಿ ಅಳುವ ಮಗು, ನಡುವೆ 'ನಿಮ್ಮ ಮನೆಯವರಿಗೇ ಬೇಕಾಗಿದ್ದರೆ?' ಎಂಬ ಪ್ರಶ್ನೆ. ಎಲ್ಲಿ, ಎಷ್ಟು ಗಂಟೆಗೆ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ. ಯಾರು ಕೊಡಬಹುದು ಎಂಬುದು ಹಲವೆಡೆ ಇರುವುದೇ ಇಲ್ಲ. ಈ ಕ್ರಮ ತಿರುಗುಮುರುಗಾಗಬೇಕು ಎಂಬುದು ನನ್ನ ವಾದ. ಮನಸ್ಸು ಚುಚ್ಚುವ ಮಾತು ಸೌಜನ್ಯಕ್ಕೆ ಮಾತ್ರ ಕುಂದಲ್ಲ, ರಕ್ತದ ಸುರಕ್ಷತೆಗೂ ಕುಂದು. ಸಂಗ್ರಹಿಸಿದ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದು ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಆ ಕಿಂಡಿಯನ್ನು ಮುಚ್ಚುವುದು ದಾನಿ ಪ್ರಶ್ನಾವಳಿಗೆ ಕೊಡುವ ನಿಜವಾದ ಉತ್ತರ. 'ಕೊಡದಿದ್ದರೆ ಮನುಷ್ಯನೇ ಅಲ್ಲ' ಎಂಬ ಭಾವನೆ ಹೊತ್ತು ಬಂದವನು ಜ್ವರವನ್ನೂ ಮಾತ್ರೆಯನ್ನೂ ಮುಚ್ಚಿಡುವ ಸಾಧ್ಯತೆ ಹೆಚ್ಚು. ದುಡ್ಡಿಗಾಗಿ ರಕ್ತ ಕೊಡುವುದು ನಮ್ಮಲ್ಲಿ 1998ರಿಂದ ನಿಷಿದ್ಧ. ಹಣದ ಆಸೆ ಸುಳ್ಳು ಹೇಳಿಸುತ್ತದೆ ಎಂಬ ಭಯ ಅದರ ಹಿಂದಿತ್ತು. ನಾಚಿಕೆ, ಒತ್ತಡಗಳೂ ಅದೇ ಕೆಲಸ ಮಾಡಬಲ್ಲವು.

ಹಾಗಾದರೆ ಪ್ರಕಟಣೆ ಹೇಗಿರಬೇಕು? ಒಂದು ನಮೂನೆ ನೋಡಿ: 'ರಕ್ತದಾನ ಶಿಬಿರ. ಭಾನುವಾರ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 2, ಬಸ್ ನಿಲ್ದಾಣದ ಎದುರಿನ ಸಮುದಾಯ ಭವನ, ನೆಲಮಹಡಿ. 18ರಿಂದ 65 ವರ್ಷದವರು ಕೊಡಬಹುದು. ಮೊದಲ ಸಲವಾದರೆ 60ರವರೆಗೆ. ತೂಕ 45 ಕೆ.ಜಿ.ಗೆ ಕಡಿಮೆ ಇರಬಾರದು. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90, ಹೆಂಗಸರಿಗೆ 120 ದಿನ ಕಳೆದಿರಬೇಕು. ತಿಂಡಿ ತಿಂದು ಬನ್ನಿ. ಔಷಧ, ಹಚ್ಚೆ, ಇತ್ತೀಚಿನ ಕಾಯಿಲೆ ಇದ್ದರೆ ವೈದ್ಯರಿಗೆ ಹೇಳಿ. ಬಂದ ಮೇಲೂ ಬೇಡವೆನಿಸಿದರೆ ಕಾರಣ ಹೇಳದೆ ಹೋಗಬಹುದು.' ಇಷ್ಟೇ. ಕೊನೆಯ ವಾಕ್ಯ ನನಗೆ ಎಲ್ಲಕ್ಕಿಂತ ಮುಖ್ಯ. ತನ್ನ ರಕ್ತದ ಬಗ್ಗೆ ತನಗೇ ಅನುಮಾನವಿರುವವನಿಗೆ ಗೆಳೆಯರ ಎದುರು ಮರ್ಯಾದೆ ಕಳೆದುಕೊಳ್ಳದೆ ಹಿಂದಿರುಗಲು ಅದು ದಾರಿ ಕೊಡುತ್ತದೆ. ಹಿಮೋಗ್ಲೋಬಿನ್ ಅಂಕಿಯನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ತನ್ನದು 12.5 ಗ್ರಾಂ ಇದೆಯೇ ಎಂದು ಮನೆಯಲ್ಲಿ ಕುಳಿತು ಹೇಳಬಲ್ಲವರು ಎಷ್ಟು ಮಂದಿ? ಅದನ್ನು ಅಳೆಯುವ ಹಳೆಯ ವಿಧಾನ ಮಾತ್ರ ನನಗೆ ಬಲು ಇಷ್ಟ. ಪುಟ್ಟ ಗಾಜಿನ ಪಾತ್ರೆಯಲ್ಲಿ ನೀಲಿ ತಾಮ್ರದ ಸಲ್ಫೇಟ್ ದ್ರಾವಣ, ಸಾಂದ್ರತೆ ನೀರಿಗಿಂತ ಚೂರು ಹೆಚ್ಚು, 1.053. ಬೆರಳಿಂದ ತೆಗೆದ ಒಂದು ಹನಿಯನ್ನು ಅದರ ಮೇಲೆ ಬೀಳಿಸುತ್ತಾರೆ. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಹನಿ ದ್ರಾವಣಕ್ಕಿಂತ ಭಾರವಾಗಿ, 15 ಸೆಕೆಂಡಿನೊಳಗೆ ತಳ ಸೇರುತ್ತದೆ. ಕಡಿಮೆಯಿದ್ದರೆ ತಡೆದು ನಿಲ್ಲುತ್ತದೆ ಅಥವಾ ಮೇಲೇಳುತ್ತದೆ. ಹನಿಯ ಸುತ್ತ ತಾಮ್ರದ ಪೊರೆ ಕಟ್ಟಿ ಅದು ಕರಗದಂತೆ ಹಿಡಿದಿಡುತ್ತದೆ, ಆ ಕೆಲವು ಕ್ಷಣಗಳಲ್ಲೇ ತೀರ್ಪು. ಈಗ ಹಲವು ಕಡೆ ಕೈಯಲ್ಲಿ ಹಿಡಿಯುವ ಯಂತ್ರ ಅಂಕಿಯನ್ನೇ ತೋರಿಸುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಹನಿ ತೇಲಿದ ಹೆಂಗಸಿಗೆ 'ಈ ಸಲ ಬೇಡಮ್ಮ' ಎನ್ನುವ ಸಮಯ ಬಂದೇ ಬರುತ್ತದೆ. ರಕ್ತಹೀನತೆ ನಮ್ಮಲ್ಲಿ ಅಪರೂಪದ ಸಂಗತಿಯಲ್ಲ. 'ಕೊಡುವುದು ಕರ್ತವ್ಯ' ಎಂದು ಓದಿ ಬಂದವಳಿಗೆ ಆ ಮಾತು ತನ್ನ ತಪ್ಪಿನಂತೆ ಕೇಳಿಸುತ್ತದೆ. 'ಅಲ್ಲೇ ಪರೀಕ್ಷಿಸುತ್ತಾರೆ' ಎಂದಷ್ಟೇ ಓದಿ ಬಂದವಳಿಗೆ ಅದು ವೈದ್ಯರಿಗೆ ತೋರಿಸಬೇಕಾದ ಒಂದು ಸುದ್ದಿ ಮಾತ್ರ.

ಮನ ಕಲಕದಿದ್ದರೆ ಯಾರು ಬರುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಭಾವುಕ ಮಾತು ಒಂದು ದಿನದ ಸಾಲನ್ನು ಉದ್ದ ಮಾಡಬಹುದು, ಒಪ್ಪುತ್ತೇನೆ. ಆದರೆ ಪ್ಲೇಟ್‌ಲೆಟ್‌ಗಳ ಆಯುಸ್ಸು 5 ದಿನ, ಕೆಂಪು ಕಣಗಳದು ಸುಮಾರು 35ರಿಂದ 42 ದಿನ. ಒಂದೇ ಭಾನುವಾರ ಬಂದ ಜನಜಾತ್ರೆಯ ರಕ್ತ ವರ್ಷಕ್ಕೆ ಒದಗುವುದಿಲ್ಲ. ಬೇಕಾದವರು ಮೂರು-ನಾಲ್ಕು ತಿಂಗಳಿಗೊಮ್ಮೆ ತಾವಾಗಿ ಬರುವವರು. ಚುಚ್ಚಿಸಿಕೊಂಡ ಮನಸ್ಸು ಮತ್ತೆ ಅದೇ ಬಾಗಿಲಿಗೆ ಬರಲು ಹಿಂಜರಿಯುತ್ತದೆ. ನಿಯಮಗಳ ಪಟ್ಟಿ ಕೊಟ್ಟರೆ ಜನ ಹೆದರುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಹೆದರುವುದಕ್ಕಿಂತ ಕೆಟ್ಟದ್ದು, 42 ಕೆ.ಜಿ. ತೂಕದ ಹುಡುಗಿ ಎರಡು ಬಸ್ ಹತ್ತಿ ಬಂದು ತೂಕದ ಯಂತ್ರದಿಂದಲೇ ಹಿಂದಿರುಗುವುದು. ಗಡಿಯಲ್ಲಿರುವ ಸಂಗತಿಗಳನ್ನು, ಅಂದರೆ ಯಾವ ಔಷಧ, ಯಾವ ಕಾಯಿಲೆ ಮುಗಿದು ಎಷ್ಟು ದಿನ ಎಂಬುದನ್ನೆಲ್ಲ, ಪ್ರಕಟಣೆಗೆ ತುಂಬುವುದೂ ಬೇಡ. ಅದಕ್ಕೆ ವಿಚಾರಿಸಲು ಒಂದು ಫೋನ್ ಸಂಖ್ಯೆ ಸಾಕು.

ಸಮಯದ ಸಾಲಿಗೆ ಒಂದು ತಿದ್ದುಪಡಿ ಮಾತ್ರ ಸೇರಬೇಕು. ಚೀಲ ತುಂಬಲು ಹತ್ತು ನಿಮಿಷ ಸಾಲಬಹುದು, ಆದರೆ ನೋಂದಣಿ, ಪ್ರಶ್ನೆ, ಬೆರಳ ಪರೀಕ್ಷೆ, ಬಳಿಕ ಜ್ಯೂಸ್ ಕುಡಿದು ಕುಳಿತುಕೊಳ್ಳುವುದು ಸೇರಿದರೆ ಮುಕ್ಕಾಲು ಗಂಟೆಯಂತೂ ಬೇಕು. ಆದ್ದರಿಂದ '2ರವರೆಗೆ' ಎಂದು ಬರೆದ ಮೇಲೆ 'ಕೊನೆಯ ನೋಂದಣಿ 1.15ಕ್ಕೆ' ಎಂದು ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು.