ತೌಡು ಹೆಚ್ಚಾದರೆ ಉಳಿತಾಯವೇ?

ಪಶು ಆಹಾರದ ಗಿರಣಿಯಲ್ಲಿ ಮೆಕ್ಕೆಜೋಳ, ಎಣ್ಣೆ ತೆಗೆದ ಅಕ್ಕಿ ತೌಡು, ಶೇಂಗಾ ಹಿಂಡಿ ಒಂದೇ ಮಿಕ್ಸರ್‌ಗೆ ಬೀಳುತ್ತವೆ. ಆಮೇಲೆ ಹಬೆ ಹಾಯಿಸಿ, ಪೆಲೆಟ್ ಮಾಡಿ, ತಣಿಸಿ ಚೀಲಕ್ಕೆ ತುಂಬುತ್ತಾರೆ. ಚೀಲದೊಳಗೆ ಯಾವುದು ಎಷ್ಟಿದೆ ಎಂಬುದು ಕೊಳ್ಳುವವರ ಕಣ್ಣಿಗೆ ಕಾಣುವುದಿಲ್ಲ. ಒಂದರ ಬದಲು ಇನ್ನೊಂದನ್ನು ಸ್ವಲ್ಪ ಹೆಚ್ಚು ಸುರಿದರೂ ಯಂತ್ರ ನಿಲ್ಲುವುದಿಲ್ಲ. ಅದಕ್ಕೇ ಇಂಥ ಕಡೆ ಒಟ್ಟು ಖರ್ಚನ್ನಷ್ಟೇ ನೋಡಿದರೆ ಸಾಲದು. ಪಾಕದ ಪ್ರಮಾಣ ಬದಲಾದದ್ದರಿಂದ ಎಷ್ಟು ವ್ಯತ್ಯಾಸವಾಯಿತು, ಹಾಕಿದ್ದಕ್ಕೆ ತಕ್ಕಷ್ಟು ಮಾಲು ಬಾರದ್ದರಿಂದ ಎಷ್ಟು ವ್ಯತ್ಯಾಸವಾಯಿತು ಎಂದು ಬಿಡಿಸಿ ನೋಡಬೇಕಾಗುತ್ತದೆ. ವೆಚ್ಚದ ಲೆಕ್ಕದವರು ಮೊದಲನೆಯದನ್ನು ಮಿಶ್ರಣ ವ್ಯತ್ಯಾಸ, ಎರಡನೆಯದನ್ನು ಇಳುವರಿ ವ್ಯತ್ಯಾಸ ಎನ್ನುತ್ತಾರೆ.

ಒಂದು ಗಿರಣಿಯನ್ನು ಕಲ್ಪಿಸಿಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಕಾಕಂಬಿ, ಉಪ್ಪು, ಖನಿಜ ಮಿಶ್ರಣಗಳನ್ನು ಬಿಟ್ಟಿದ್ದೇನೆ, ದರಗಳೂ ಉದಾಹರಣೆಗಷ್ಟೇ. ನಿಗದಿಯಾದ ಪಾಕದಂತೆ 1,000 ಕಿಲೋಗೆ ಮೆಕ್ಕೆಜೋಳ 400 ಕಿಲೋ, ತೌಡು 400, ಹಿಂಡಿ 200. ಕಿಲೋಗೆ ದರ ಕ್ರಮವಾಗಿ 25, 17 ಮತ್ತು 38.50 ರೂಪಾಯಿ. ಒಟ್ಟು 24,500 ರೂಪಾಯಿ. ಬೀಸುವಾಗ ಹಾರುವ ಧೂಳು, ಬಿಸಿಗೆ ಆರುವ ತೇವ ಕಳೆದು 980 ಕಿಲೋ ಸಿಗಬೇಕು. ಅಂದರೆ ಸಿದ್ಧ ಆಹಾರಕ್ಕೆ ಕಿಲೋಗೆ 25 ರೂಪಾಯಿ.

ಒಂದು ತಿಂಗಳು ಗಿರಣಿ 10,000 ಕಿಲೋ ಕಚ್ಚಾ ಮಾಲು ಹಾಕಿತು. ಪಾಕದಂತೆ 4,000, 4,000, 2,000 ಇರಬೇಕಿತ್ತು. ನಿಜವಾಗಿ ಬಿದ್ದದ್ದು ಮೆಕ್ಕೆಜೋಳ 3,700, ತೌಡು 4,700, ಹಿಂಡಿ 1,600. ಮೆಕ್ಕೆಜೋಳದಲ್ಲಿ 7,500 ರೂಪಾಯಿ, ಹಿಂಡಿಯಲ್ಲಿ 15,400 ರೂಪಾಯಿ ಉಳಿಯಿತು. ತೌಡಿಗೆ 11,900 ಹೆಚ್ಚು ಹೋಯಿತು. ಕೂಡಿ ಕಳೆದರೆ 11,000 ರೂಪಾಯಿ ಅನುಕೂಲಕರ ಮಿಶ್ರಣ ವ್ಯತ್ಯಾಸ. ಇಲ್ಲಿ ಬಳಸಬೇಕಾದದ್ದು ನಿಗದಿತ ದರವನ್ನೇ, ಆ ದಿನದ ಮಾರುಕಟ್ಟೆ ದರವನ್ನಲ್ಲ. ಖರೀದಿ ವಿಭಾಗ ಅಗ್ಗಕ್ಕೆ ಕೊಂಡಿತೋ ದುಬಾರಿಗೆ ಕೊಂಡಿತೋ ಎಂಬುದು ಬೇರೆಯದೇ ಲೆಕ್ಕ, ಅದು ಇದರೊಳಗೆ ಸೇರಬಾರದು.

ಇನ್ನು ಇಳುವರಿ. 10,000 ಕಿಲೋಗೆ 9,800 ಬರಬೇಕಿದ್ದಲ್ಲಿ 9,650 ಬಂದಿತು. ಕೊರತೆ 150 ಕಿಲೋ. ಕಿಲೋಗೆ 25ರಂತೆ 3,750 ರೂಪಾಯಿ ನಷ್ಟ. ಎರಡನ್ನೂ ಸೇರಿಸಿದರೆ 7,250 ರೂಪಾಯಿ ಉಳಿತಾಯವೇ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿ ಮೇಲ್ವಿಚಾರಕರನ್ನು ಹೊಗಳಿದರೆ ತಪ್ಪಾದೀತು. ಈ ಎರಡು ಅಂಕಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿರಲಿಕ್ಕಿಲ್ಲ. ಹಬೆಯಲ್ಲಿ ಬೆಂದ ಮೆಕ್ಕೆಜೋಳದ ಪಿಷ್ಟ ಪೆಲೆಟ್ ಅನ್ನು ಹಿಡಿದಿಡುತ್ತದೆ. ಅದು ಕಡಿಮೆಯಾಗಿ ತೌಡು ಹೆಚ್ಚಾದರೆ ಪೆಲೆಟ್ ಪುಡಿಯಾಗುತ್ತದೆ, ಧೂಳು ಹೆಚ್ಚುತ್ತದೆ. ಜರಡಿಯಲ್ಲಿ ಉಳಿದ ಪುಡಿಯನ್ನು ಮತ್ತೆ ಯಂತ್ರಕ್ಕೆ ಹಾಕುತ್ತಾರೆ ನಿಜ. ಆದರೆ ಅದಕ್ಕೆ ತಗಲುವ ಹಬೆ, ಕರೆಂಟು ಈ ಲೆಕ್ಕದಲ್ಲಿ ಕಾಣುವುದಿಲ್ಲ.

ಕಾಣದ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಹಿಂಡಿಯಲ್ಲಿ ಪ್ರೋಟೀನ್ ಸುಮಾರು ಶೇಕಡ 40, ತೌಡಿನಲ್ಲಿ 15, ಮೆಕ್ಕೆಜೋಳದಲ್ಲಿ 9 ಎಂದಿಟ್ಟುಕೊಳ್ಳಿ. ನಿಗದಿತ ಪಾಕದಲ್ಲಿ ಶೇಕಡ 17.6 ಪ್ರೋಟೀನ್ ಇತ್ತು. ಆ ತಿಂಗಳ ಚೀಲದಲ್ಲಿ 16.8ರ ಹತ್ತಿರಕ್ಕೆ ಇಳಿಯಿತು. ಉಳಿಸಿದ 11,000 ರೂಪಾಯಿಯ ಒಂದು ಪಾಲು ಹಸುವಿನ ಬಾಯಿಂದಲೇ ತೆಗೆದದ್ದು. ಹಾಲು ಕಡಿಮೆಯಾದಾಗ ಅದರ ಬೆಲೆ ತೆರುವವರು ಆಹಾರ ಕೊಂಡ ರೈತರು. ಹಾಗಾಗಿ ಮಿಶ್ರಣ ವ್ಯತ್ಯಾಸದ ಪಕ್ಕದಲ್ಲೇ ಆ ತಿಂಗಳ ಪ್ರಯೋಗಾಲಯದ ವರದಿ ಇರಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೆಕ್ಕೆಜೋಳ ದುಬಾರಿಯಾಯಿತೆಂದು ಪಶು ಪೋಷಣಾ ತಜ್ಞರೇ ಪೋಷಕಾಂಶ ಕೆಡದಂತೆ ಪಾಕ ಬದಲಿಸಿದ್ದರೆ ಮಾತು ಬೇರೆ. ಆಗ ನಿಗದಿತ ಪಾಕವನ್ನೇ ಬದಲಿಸಿ ಅಳೆಯಬೇಕು. ಇಲ್ಲದಿದ್ದರೆ ತಜ್ಞರ ತೀರ್ಮಾನದ ಹೊಗಳಿಕೆಯೋ ತೆಗಳಿಕೆಯೋ ಮಿಕ್ಸರ್ ನಡೆಸುವವರ ತಲೆಗೆ ಬರುತ್ತದೆ.

ಇಳುವರಿಯ ಅಂಕಿಯೂ ಮೋಸ ಮಾಡಬಲ್ಲದು, ನೀರಿನ ಮೂಲಕ. ಬರಬೇಕಾದ 9,800 ಕಿಲೋದಲ್ಲಿ ತೇವ ಶೇಕಡ 11 ಇದ್ದರೆ ಒಣ ಪದಾರ್ಥ 8,722 ಕಿಲೋ. ಹಬೆ ಹೆಚ್ಚು ಬಿಟ್ಟು, ತಣಿಸುವುದನ್ನು ಬೇಗ ಮುಗಿಸಿ, ತೇವ 12.5ಕ್ಕೆ ಏರಲು ಬಿಟ್ಟರೆ ಅಷ್ಟೇ ಒಣ ಪದಾರ್ಥ 9,968 ಕಿಲೋ ತೂಗುತ್ತದೆ. 168 ಕಿಲೋ ನೀರಿಗೆ 4,200 ರೂಪಾಯಿಯ ಅನುಕೂಲಕರ ಇಳುವರಿ ವ್ಯತ್ಯಾಸ ದಾಖಲಾಗುತ್ತದೆ. ತೇವದ ಚೀಲ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ; ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುತ್ತವೆ, ಅದರ ಅಂಶ ಹಾಲಿಗೂ ಇಳಿಯುತ್ತದೆ.

ಇದನ್ನು ಹಿಡಿಯಲು ಮಾಡಬೇಕಾದದ್ದು ಇಷ್ಟು: ಒಳಗೆ ಹೋದ ಪ್ರತಿ ಲೋಡಿನ ತೇವ, ಹೊರಬಂದ ಪ್ರತಿ ಬ್ಯಾಚಿನ ತೇವ ಎರಡನ್ನೂ ಬರೆದಿಟ್ಟು, ಇಳುವರಿಯನ್ನು ಒಣ ಪದಾರ್ಥದ ಮೇಲೆ ಲೆಕ್ಕ ಹಾಕುವುದು. ಹಾಗೆ ಹಾಕಿದಾಗ ಆ 4,200 ರೂಪಾಯಿ ಸೊನ್ನೆಯಾಗುತ್ತದೆ.